ಮೇ 1ರಿಂದ ರೊಟ್ಟಿ ರೇಟು

ಅಕ್ಕಂದಿರಿಗೆ, ಅಣ್ಣಂದಿರಿಗೆ, ಎಲ್ಲರಿಗೂ ಶರಣು 🙏

ವಿಷಯ ಮೊದಲೇ ಹೇಳಿಬಿಡುತ್ತೇನೆ. ಮೇ 1ರಿಂದ ಹತ್ತು ಖಡಕ್ ರೊಟ್ಟಿಯ ಕಟ್ಟು *70 ರೂಪಾಯಿ ಇದ್ದದ್ದು 85 ರೂಪಾಯಿ* ಆಗುತ್ತದೆ. ಬಿಸಿ ರೊಟ್ಟಿಗೂ ಇದೇ ರೇಟು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಹಳೇ ರೇಟಿಗೇ ಸಿಗುತ್ತವೆ.

ಅಂದರೆ ಒಂದು ರೊಟ್ಟಿಗೆ ಒಂದೂವರೆ ರೂಪಾಯಿ ಜಾಸ್ತಿ. ಅದು ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ಗೊತ್ತಿರಬೇಕು. ಹೋದ ಸುಗ್ಗಿಯಲ್ಲಿ ಕ್ವಿಂಟಲ್‌ಗೆ 3,800 ಕೊಟ್ಟು ತಂದಿದ್ದ ಹಿಂಗಾರಿ ಬಿಳಿ ಜೋಳಕ್ಕೆ ಈ ಸಲ 5,000 ಕೊಟ್ಟಿದ್ದೇವೆ. ಒಂದು ಕಿಲೋ ಹಿಟ್ಟಿಗೆ ನಮ್ಮ ಅಳತೆಯ ರೊಟ್ಟಿ ಹದಿನಾರು ಆಗುತ್ತವೆ. ಹಾಗಾಗಿ ಜೋಳಕ್ಕೇ ರೊಟ್ಟಿಗೆ 75 ಪೈಸೆ ಹೋಯಿತು. ಇನ್ನು 50 ಪೈಸೆ ರೊಟ್ಟಿ ಬಡಿಯುವ ಅಕ್ಕಂದಿರಿಗೆ. ಅವರಿಗೆ ರೊಟ್ಟಿಗೆ 2 ರೂಪಾಯಿ ಕೊಡುತ್ತಿದ್ದೆವು, ಇನ್ನು ಮುಂದೆ ಎರಡೂವರೆ. ಉಳಿದ 25 ಪೈಸೆ ಸಿಲಿಂಡರ್‌ಗೆ, ಕವರ್‌ಗೆ.

ಬೆಳಗ್ಗೆ ಐದಕ್ಕೆ ಬಂದು ಕೂತರೆ ಈ ಅಕ್ಕಂದಿರು ಎದ್ದೇಳುವುದು ಮಧ್ಯಾಹ್ನವೇ. ಕುದಿಯುವ ನೀರು ಹಾಕಿದ ಹಿಟ್ಟನ್ನು ಬಿಸಿ ಆರುವ ಮೊದಲೇ ನಾದಬೇಕು, ಇಲ್ಲದಿದ್ದರೆ ರೊಟ್ಟಿ ಬಡಿಯುವಾಗ ಅಂಚು ಒಡೆಯುತ್ತದೆ. ಈ ಬೇಸಿಗೆಯಲ್ಲಿ ಹೆಂಚಿನ ಮುಂದೆ ಕೂರುವುದು ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಅವರಿಗೆ ಕೂಲಿ ಹೆಚ್ಚು ಮಾಡಲೇಬೇಕಿತ್ತು.

ರೇಟು ಹಾಗೇ ಇಟ್ಟು ರೊಟ್ಟಿ ಸಣ್ಣದು ಮಾಡಬಹುದಿತ್ತು, ಇಲ್ಲವೇ ಜೋಳದ ಹಿಟ್ಟಿಗೆ ಅಕ್ಕಿ ಹಿಟ್ಟು ಬೆರೆಸಬಹುದಿತ್ತು. ಮಷಿನ್ ಹಾಕಿ ಅಂದವರೂ ಇದ್ದಾರೆ. ಅದ್ಯಾವುದಕ್ಕೂ ಮನಸ್ಸು ಒಪ್ಪಲಿಲ್ಲ. ಗವಿಮಠದ ಜಾತ್ರೆಗೆ ಮನೆ ಮನೆಯಿಂದ ರೊಟ್ಟಿ ಕೊಡುವ ಊರು ನಮ್ಮದು. ರೊಟ್ಟಿ ಬಾಯಿಗಿಟ್ಟ ಕೂಡಲೇ ನಿಮಗೆ ಗೊತ್ತಾಗುತ್ತದೆ, ಅಲ್ವಾ? ಅದೇ ಅಳತೆ, ಅದೇ ಜೋಳ, ಕೈಯಲ್ಲೇ ಬಡಿದ ರೊಟ್ಟಿ. ಇದರಲ್ಲಿ ಏನೂ ಬದಲಾಗುವುದಿಲ್ಲ.

ತಿಂಗಳ ಲೆಕ್ಕದಲ್ಲಿ ಮೊದಲೇ ದುಡ್ಡು ಕೊಟ್ಟವರಿಗೆ ಅವರ ತಿಂಗಳು ಮುಗಿಯುವವರೆಗೆ ಹಳೇ ರೇಟೇ. ಮದುವೆಗೆ, ಸೀಮಂತಕ್ಕೆ ಈಗಾಗಲೇ ಅಡ್ವಾನ್ಸ್ ಕೊಟ್ಟವರಿಗೂ ಹಾಗೇ, ಕಾರ್ಯಕ್ರಮ ಜೂನ್‌ನಲ್ಲಿದ್ದರೂ ಸರಿ. ಬೆಂಗಳೂರಿನಲ್ಲಿ ಓದುವ ಮಕ್ಕಳಿಗೆ ಕಳಿಸುವವರು ಏಪ್ರಿಲ್ 30ರೊಳಗೆ ಹೇಳಿದರೆ 70ರ ಲೆಕ್ಕದಲ್ಲೇ ಕಟ್ಟಿಕೊಡುತ್ತೇವೆ. ಖಡಕ್ ರೊಟ್ಟಿ ತೇವ ತಾಗದಂತೆ ಡಬ್ಬಿಯಲ್ಲಿಟ್ಟರೆ ತಿಂಗಳು ಇರುತ್ತದೆ.

ದಿನಾ ಹತ್ತು ತಗೊಳ್ಳುವವರಿಗೆ ಈ ರೇಟು ಭಾರ ಅನಿಸಿದರೆ ಸಂಕೋಚ ಬೇಡ. ಐದರ ಕಟ್ಟೂ ಮಾಡುತ್ತೇವೆ, 43 ಅಲ್ಲ, 42 ರೂಪಾಯಿ. ಮನೆಗೆ ತಲುಪಿಸುವುದಕ್ಕೆ ಬೇರೆ ದುಡ್ಡಿಲ್ಲ.

ಏನಾದರೂ ಕೇಳುವುದಿದ್ದರೆ ಇದೇ ನಂಬರ್‌ಗೆ ಹನ್ನೆರಡರ ಮೇಲೆ ಫೋನ್ ಮಾಡಿ. ಅಲ್ಲಿವರೆಗೆ ಕೈಯೆಲ್ಲಾ ಹಿಟ್ಟಾಗಿರುತ್ತದೆ.

ನಿಮ್ಮ ರೊಟ್ಟಿ ಅಕ್ಕ
ಭಾಗ್ಯನಗರ, ಕೊಪ್ಪಳ