ಸೊಸೈಟಿಗೆ: ನಾಲ್ಕು ಎಕರೆ ಮೆಕ್ಕೆಜೋಳದ ಫೋಟೋ ಮತ್ತು ಇಳುವರಿ ಲೆಕ್ಕ

ಕಾರ್ಯದರ್ಶಿಯವರಿಗೆ ನಮಸ್ಕಾರ,

ಚೀಲ, ಲಾರಿ ಎಷ್ಟು ಬೇಕು ಅಂತ ಕೇಳಿದ್ದಿರಿ. ನನ್ನ ನಾಲ್ಕು ಎಕರೆಯಲ್ಲಿ ಆರು ಕಡೆ ಗೂಟ ನೆಟ್ಟು ಫೋಟೋ ತೆಗೆದು ಕಳಿಸಿದ್ದೇನೆ. ಒಂದೊಂದು ಜಾಗಕ್ಕೆ ಎರಡು: ಒಂದು ಸಾಲಿನದು, ಇನ್ನೊಂದು ಸಿಪ್ಪೆ ಬಿಡಿಸಿದ ತೆನೆಗಳದು. ಒಟ್ಟು 12.

ಸಾಲಿನಿಂದ ಸಾಲಿಗೆ 60 ಸೆಂ.ಮೀ. ಇದೆ. ಹಾಗಾಗಿ ಒಂದೇ ಸಾಲಿನಲ್ಲಿ 6.75 ಮೀಟರ್ ಹಗ್ಗ ಹಿಡಿದರೆ ಎಕರೆಯ ಸಾವಿರದಲ್ಲಿ ಒಂದು ಪಾಲು ಆಗುತ್ತದೆ, ಅಲ್ಲಿನ ತೆನೆ ಎಣಿಸಿ ಸಾವಿರದಿಂದ ಗುಣಿಸಿದರೆ ಆಯಿತು. ಬದುವಿನ ಪಕ್ಕದ ಸಾಲು ಬಿಟ್ಟಿದ್ದೇನೆ, ಅಲ್ಲಿ ಬಿಸಿಲು ಜಾಸ್ತಿ, ತೆನೆ ಸುಮ್ನೆ ದಪ್ಪ ಕಾಣುತ್ತೆ.

ಮೊದಲ ನಾಲ್ಕು ಜಾಗದಲ್ಲಿ 28, 26, 27, 27 ತೆನೆ. ಐದು ಮತ್ತು ಆರನೇದು ನೀರು ನಿಂತ ತಗ್ಗಿನವು, 19 ಮತ್ತು 15. ತೆನೆ ಆರಿಸಿಲ್ಲ, ಪ್ರತಿ ಐದನೇದನ್ನು ಬಿಡಿಸಿದ್ದು. ಫೋಟೋದಲ್ಲಿ ತೆನೆಯ ಒಂದೇ ಮಗ್ಗುಲು ಕಾಣುವುದರಿಂದ ಏಳು ಸಾಲು ಅಂತ ಬರೆದುಕೊಳ್ಳಬೇಡಿ, ತಿರುಗಿಸಿ ಎಣಿಸಿದ್ದೇನೆ, 14 ಇವೆ. ಸಾಲಿಗೆ 30 ಕಾಳು, ತುದಿಯ ಜೊಳ್ಳು ಬಿಟ್ಟು. ತಗ್ಗಿನಲ್ಲಿ 12 ಸಾಲು, 22 ಕಾಳು.

ಕಾಳಿನ ತೂಕ ಮಾತ್ರ ಫೋಟೋದಲ್ಲಿ ಸಿಗಲ್ಲ, ಅಲ್ವಾ? ಹೋದ ಬೆಳೆಯ ಒಣಗಿದ ಕಾಳು 200 ತೂಗಿದೆ, 54 ಗ್ರಾಂ ಬಂತು. ಅಂದರೆ ಒಂದಕ್ಕೆ 0.27. ತಗ್ಗಿನ ಕಾಳು ಸಣ್ಣ, 0.25 ಹಿಡಿದಿದ್ದೇನೆ. ಈ ಎರಡನೇದು ನನ್ನ ಊಹೆ.

ಲೆಕ್ಕ ಹೀಗೆ ಬರುತ್ತದೆ: ಒಳ್ಳೆ ಜಾಗ ಎಕರೆಗೆ ಸುಮಾರು 30.6 ಕ್ವಿಂಟಲ್, ತಗ್ಗು 11.2. ದಯವಿಟ್ಟು ಆರನ್ನೂ ಕೂಡಿಸಿ ಆರರಿಂದ ಭಾಗಿಸಬೇಡಿ. ತಗ್ಗು ಇರುವುದು ಒಂದು ಎಕರೆ, ಫೋಟೋ ಮಾತ್ರ ಎರಡು ಕಡೆಯದು. ಹಾಗೆ ಭಾಗಿಸಿದರೆ ಒಟ್ಟು ಸುಮಾರು 97 ಬರುತ್ತದೆ. ಮೂರು ಎಕರೆ ಮತ್ತು ಒಂದು ಎಕರೆ ಅಂತ ಬೇರೆ ಬೇರೆ ಹಿಡಿದರೆ 103.

ಆದರೂ 103 ಬರೆದುಕೊಳ್ಳಬೇಡಿ. ಕೊಯ್ಯುವಾಗ ಉದುರುವುದು, ಹಕ್ಕಿ, ಇಲಿ, ಬಿದ್ದ ಗಿಡ ಎಲ್ಲಾ ಸೇರಿ ಹತ್ತರಲ್ಲಿ ಒಂದು ಪಾಲು ಹೋಗುತ್ತೆ ಅಂತ ನನ್ನ ಅನುಭವ. ಸುಮಾರು 93 ಉಳಿಯುತ್ತೆ, 90 ಕ್ವಿಂಟಲ್ ಅಂತ ಇಡಿ. ಹೋದ ಸಲ ನಾನೇ ಒಳ್ಳೆ ಗಿಡ ನೋಡಿ ಹುರುಪಿನಲ್ಲಿ ಹೇಳಿಬಿಟ್ಟು ಲಾರಿ ಅರ್ಧ ಖಾಲಿ ಹೋಯಿತು, ನಿಮಗೂ ನೆನಪಿರಬೇಕು.

ಇದು ಒಣಗಿದ ಕಾಳಿನ ಲೆಕ್ಕ, ಹಸಿ ಕಾಳು ತಂದರೆ ತೂಕ ಜಾಸ್ತಿ ತೋರಿಸುತ್ತೆ. ನಿಮ್ಮವರು ಯಾರಾದರೂ ಬಂದು ಐದನೇ ಜಾಗವನ್ನು ಒಮ್ಮೆ ಎಣಿಸಿದರೆ ಒಳ್ಳೆಯದು, ಅಲ್ಲಿ ಹಗ್ಗ ಸ್ವಲ್ಪ ಸಡಿಲಾಗಿತ್ತೇನೋ ಅಂತ ಅನುಮಾನ. ಗೂಟ ಕಿತ್ತಿಲ್ಲ.

ಇಂತಿ,
ನಿಮ್ಮ ಸದಸ್ಯ, ಸದಸ್ಯ ಸಂಖ್ಯೆ 214