ತೀರ್ಪಿನ ಕಾರಣಗಳನ್ನು ಓದುವ ಬಗೆ: ಮೊಮ್ಮಗಳಿಗೊಂದು ಪತ್ರ

ಕೋಥ್ರೂಡ್, ಪುಣೆ
11 ಜನವರಿ 2026

ಚಿ. ಅನಘಾಗೆ ಅಜ್ಜನ ಆಶೀರ್ವಾದಗಳು.

ನೀನು ಕಳಿಸಿದ ಚೆಕ್ ಬೌನ್ಸ್ ತೀರ್ಪನ್ನೂ ಅದರ ಮೇಲೆ ಬರೆದ ಒಂದು ಪುಟದ ಸಾರಾಂಶವನ್ನೂ ಓದಿದೆ. ಸಾರಾಂಶದ ನಾಲ್ಕನೇ ಸಾಲು ತಪ್ಪು. ‘ಆರು ಲಕ್ಷ ಸಾಲ ಕೊಡುವಷ್ಟು ಹಣ ದೂರುದಾರರ ಬಳಿ ಇರಲಿಲ್ಲ ಎಂದು ಕೋರ್ಟು ಹೇಳಿತು’ ಎಂದು ಬರೆದಿದ್ದೀಯ. ಆ ಮಾತು ಇರುವುದು 14ನೇ ಪ್ಯಾರಾದಲ್ಲಿ, ಅದು ಆರೋಪಿಯ ವಕೀಲರ ವಾದ. ಕೋರ್ಟಿನ ಮಾತು 22ರಲ್ಲಿದೆ, ಮತ್ತು ಅದು ಇದಲ್ಲ. ಓದುವ ಕ್ರಮ ಸರಿಯಾದರೆ ಈ ತಪ್ಪು ಮತ್ತೆ ಆಗುವುದಿಲ್ಲ. ಅದಕ್ಕೇ ಫೋನಿನಲ್ಲಿ ಹೇಳದೆ ಬರೆಯುತ್ತಿದ್ದೇನೆ.

ತೀರ್ಪನ್ನು ಕಾದಂಬರಿಯಂತೆ ಮೊದಲ ಪುಟದಿಂದ ಓದಬೇಡ. ಮೊದಲು ಕೊನೆಯ ಪುಟದ ಆದೇಶ ನೋಡು: ಯಾರು ಗೆದ್ದರು, ಏನು ಸಿಕ್ಕಿತು. ಆಮೇಲೆ ನಡುವೆ ಇರುವ ಪ್ರಶ್ನೆಗಳ ಪಟ್ಟಿಗೆ ಬಾ. ಸಿವಿಲ್ ದಾವೆಯಲ್ಲಿ ಅವನ್ನು ವಿವಾದಾಂಶ ಅನ್ನುತ್ತೇವೆ, ಕ್ರಿಮಿನಲ್‌ನಲ್ಲಿ ನಿರ್ಣಯಿಸಬೇಕಾದ ಅಂಶಗಳು. ಇವನ್ನು ಬರೆಯುವುದು ನ್ಯಾಯಾಧೀಶರ ಇಷ್ಟಕ್ಕೆ ಬಿಟ್ಟದ್ದಲ್ಲ. ಅಂಶ, ಅದರ ಮೇಲಿನ ತೀರ್ಮಾನ, ಆ ತೀರ್ಮಾನಕ್ಕೆ ಕಾರಣ, ಈ ಮೂರೂ ಇರಬೇಕೆಂದು ಸಿವಿಲ್ ಪ್ರೊಸೀಜರ್ ಕೋಡ್‌ನ ಆರ್ಡರ್ 20, ರೂಲ್ 4 ಹೇಳುತ್ತದೆ. ಕ್ರಿಮಿನಲ್ ಕೇಸಿಗೆ ಈಗ ನಾಗರಿಕ ಸುರಕ್ಷಾ ಸಂಹಿತೆಯ 393ನೇ ಕಲಮು. ನಮ್ಮ ಮಹಾರಾಷ್ಟ್ರದ ಕೋರ್ಟುಗಳಲ್ಲಿ ಅಂಶದ ಎದುರಿಗೇ ಉತ್ತರ ಬರೆದ ಕೋಷ್ಟಕ ಇರುತ್ತದೆ. ಮರಾಠಿ ತೀರ್ಪಾದರೆ ‘ಹೋಕಾರಾರ್ಥಿ’, ‘ನಕಾರಾರ್ಥಿ’ ಎಂದಿರುತ್ತದೆ, ಅದರ ಕೆಳಗೆ ‘ಕಾರಣಮೀಮಾಂಸಾ’ ಎಂಬ ತಲೆಬರಹ. ನೀನು ಹುಡುಕುತ್ತಿರುವ ಭಾಗ ಅಲ್ಲಿಂದ ಶುರು.

ಆದರೆ ತಲೆಬರಹದ ಕೆಳಗಿರುವುದೆಲ್ಲ ಕಾರಣವಲ್ಲ. ಅಲ್ಲಿಯೂ ಸಾಕ್ಷಿ ಹೇಳಿದ್ದು, ವಕೀಲರು ವಾದಿಸಿದ್ದು, ಹಳೆಯ ತೀರ್ಪುಗಳ ಉದ್ಧರಣೆ, ಎಲ್ಲ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಪ್ರತಿ ವಾಕ್ಯಕ್ಕೂ ‘ಇದು ಯಾರ ಮಾತು?’ ಎಂದು ಕೇಳು. ಇಂಗ್ಲಿಷ್ ತೀರ್ಪಿನಲ್ಲಿ ಕ್ರಿಯಾಪದವೇ ಗುರುತು ಕೊಡುತ್ತದೆ. ‘ಸಬ್‌ಮಿಟೆಡ್’, ‘ಕಂಟೆಂಡೆಡ್’, ‘ಆರ್ಗ್ಯೂಡ್’ ಬಂದರೆ ವಕೀಲರು. ‘ಡಿಪೋಸ್ಡ್’, ‘ಅಡ್ಮಿಟೆಡ್’ ಬಂದರೆ ಸಾಕ್ಷಿ. ‘ಐ ಫೈಂಡ್’, ‘ಇನ್ ಮೈ ವ್ಯೂ’ ಬಂದರೆ ಕೋರ್ಟು. ಅಂಚಿನಲ್ಲಿ ಪೆನ್ಸಿಲ್ಲಿನಿಂದ ವ, ಸಾ, ಕೋ ಎಂದು ಬರೆಯುತ್ತಾ ಹೋಗು. ನಿನ್ನ 31 ಪುಟದಲ್ಲಿ ‘ಕೋ’ ಬೀಳುವುದು ಹೆಚ್ಚೆಂದರೆ ಐದು ಪುಟಕ್ಕೆ. ಕೆಲವು ಕಡೆ ವಕೀಲರ ವಾದ ಎರಡು ಪ್ಯಾರಾ ಹರಿಯುತ್ತದೆ, ಆದರೆ ‘ಸಬ್‌ಮಿಟೆಡ್’ ಮೊದಲ ಸಾಲಿನಲ್ಲಿ ಮಾತ್ರ ಇರುತ್ತದೆ. 14ರಲ್ಲಿ ನೀನು ಎಡವಿದ್ದು ಹಾಗೆಯೇ.

ಈಗ 22ನೇ ಪ್ಯಾರಾ. ಕನ್ನಡದಲ್ಲಿ ಇಷ್ಟು:

‘ತಿಂಗಳ ಆದಾಯ 18,000 ರೂಪಾಯಿ ಎಂದು ದೂರುದಾರರು ಪಾಟೀಸವಾಲಿನಲ್ಲಿ ಒಪ್ಪಿದ್ದಾರೆ. ನಿಶಾನಿ 31ರ ಪಾಸ್‌ಬುಕ್ಕಿನಂತೆ, ಸಾಲ ಕೊಟ್ಟರೆಂಬ ತಿಂಗಳಲ್ಲಿ ಖಾತೆಯಲ್ಲಿದ್ದ ಗರಿಷ್ಠ ಶಿಲ್ಕು 41,200. ಒಡವೆ ಮಾರಿ ಹಣ ಹೊಂದಿಸಿದೆ ಎಂದು ಹೇಳಿದ್ದಾರಾದರೂ ರಸೀದಿ ಹಾಜರುಪಡಿಸಿಲ್ಲ, ಸರಾಫರನ್ನೂ ವಿಚಾರಣೆ ಮಾಡಿಸಿಲ್ಲ. ಹೀಗಿರುವಾಗ ಚೆಕ್ಕನ್ನು ಮನೆ ಬಾಡಿಗೆಯ ಭದ್ರತೆಗಾಗಿ ಕೊಟ್ಟಿದ್ದೆ ಎಂಬ ಆರೋಪಿಯ ಹೇಳಿಕೆ ಸಂಭವನೀಯವಾಗಿ ಕಾಣುತ್ತದೆ.’

ಇದರಲ್ಲಿ ಒಂದು ಒಪ್ಪಿಗೆ ಇದೆ, ಒಂದು ದಾಖಲೆ ಇದೆ, ಆಧಾರವಿಲ್ಲದ ಒಂದು ವಿವರಣೆ ಇದೆ. ‘ಹೀಗಿರುವಾಗ’ ಎಂಬುದೇ ಸೇತುವೆ. ಪುರಾವೆಯಿಂದ ತೀರ್ಮಾನಕ್ಕೆ ದಾಟುವ ಆ ಪದದ ಎರಡೂ ಬದಿಗೆ ಏನಿದೆ ಎಂದು ಬರೆದುಕೊಂಡರೆ ಕಾರಣ ಕೈಗೆ ಸಿಕ್ಕಿತು. ಎಡಗಡೆ ಮೂರು ಸಂಗತಿ, ಬಲಗಡೆ ‘ಸಂಭವನೀಯ’ ಎಂಬ ಮಾತು. ‘ಹಣ ಇರಲಿಲ್ಲ’ ಎಂದು ಮ್ಯಾಜಿಸ್ಟ್ರೇಟರು ಎಲ್ಲಿಯೂ ಹೇಳಿಲ್ಲ. ಅವರಿಗೆ ಅಷ್ಟು ಹೇಳುವ ಅಗತ್ಯವೂ ಇರಲಿಲ್ಲ.

ಅಗತ್ಯ ಏಕಿರಲಿಲ್ಲ ಎಂಬುದು 19ನೇ ಪ್ಯಾರಾದಲ್ಲಿದೆ, ಅದನ್ನು ಓದದೆ 22 ಅರ್ಥವಾಗದು. ಸಹಿ ತನ್ನದೆಂದು ಆರೋಪಿ ಒಪ್ಪಿದ್ದಾನೆ. ಹಾಗಾಗಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 139ನೇ ಕಲಮಿನಂತೆ, ಸಾಲ ತೀರಿಸಲೆಂದೇ ಚೆಕ್ಕು ಕೊಟ್ಟ ಎಂದು ಕೋರ್ಟು ಭಾವಿಸಲೇಬೇಕು. ಕಾನೂನಿನಂತೆ ತೀರಿಸಬೇಕಾದ ಸಾಲ ಇತ್ತೆಂಬುದೂ ಆ ಭಾವನೆಯಲ್ಲಿ ಸೇರಿದೆ ಎಂದು 2010ರಲ್ಲಿ ರಂಗಪ್ಪ ವಿರುದ್ಧ ಶ್ರೀ ಮೋಹನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದನ್ನು ಅಲ್ಲಗಳೆಯುವ ಹೊರೆ ಆರೋಪಿಯದು. ಆದರೆ ಅವನು ಸಂಶಯಕ್ಕೆಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ತನ್ನ ಮಾತು ಸಂಭವನೀಯ ಎಂದು ತೋರಿಸಿದರೆ ಸಾಕು. ದೂರುದಾರರ ಸಾಕ್ಷ್ಯದಿಂದಲೇ ಅದನ್ನು ತೋರಿಸಬಹುದು. ತೋರಿಸಿದ ಮೇಲೆ ಹೊರೆ ಮತ್ತೆ ದೂರುದಾರರ ಹೆಗಲಿಗೆ. ಯಾವ ತೀರ್ಪು ಓದುವಾಗಲೂ ಈ ಎರಡನ್ನು ಮೊದಲು ಹುಡುಕಿಟ್ಟುಕೋ: ಸಾಬೀತಿನ ಹೊರೆ ಯಾರದು, ಎಷ್ಟರ ಮಟ್ಟಿನದು. ಒಂದೇ ಪಾಸ್‌ಬುಕ್ಕು ಸಿವಿಲ್ ವಸೂಲಿ ದಾವೆಯಲ್ಲಿ ಬೇರೆ ಉತ್ತರ ಕೊಡಬಹುದು.

ಉದ್ಧರಣೆಗಳಿಗೆ ಹೆದರಬೇಡ. ನಿನ್ನ ತೀರ್ಪಿನಲ್ಲಿ ಏಳು ಹಳೆಯ ತೀರ್ಪುಗಳ ಹೆಸರಿದೆ, ಕೆಲಸಕ್ಕೆ ಬಂದದ್ದು ಎರಡು: ರಂಗಪ್ಪ ಪ್ರಕರಣ, ಮತ್ತು ಸಾಲ ಕೊಟ್ಟವರ ಆರ್ಥಿಕ ಶಕ್ತಿಯ ಬಗ್ಗೆ 2019ರ ಬಸಲಿಂಗಪ್ಪ ವಿರುದ್ಧ ಮುದಿಬಸಪ್ಪ. ಗೊತ್ತಾಗುವುದು ಹೇಗೆ? ಉದ್ಧರಣೆ ಮುಗಿದ ತಕ್ಷಣದ ವಾಕ್ಯ ನೋಡು. ‘ಈ ಪ್ರಕರಣದಲ್ಲಿಯೂ’ ಎಂದು ಮುಂದುವರಿದರೆ ಅನ್ವಯಿಸಿದ್ದಾರೆ. ‘ಅಲ್ಲಿಯ ಸಂಗತಿಗಳು ಬೇರೆ’ ಎಂದರೆ ಬದಿಗಿಟ್ಟಿದ್ದಾರೆ. ಏನೂ ಹೇಳದೆ ಮುಂದೆ ಹೋದರೆ, ಅದರ ಮೇಲೆ ನೀನೂ ಭಾರ ಹಾಕಬೇಡ. ವರದಿ ಪುಸ್ತಕದಲ್ಲಿ ತೀರ್ಪಿನ ಮೇಲ್ಗಡೆ ಇರುವ ಹೆಡ್‌ನೋಟ್ ಸಂಪಾದಕರದು, ನ್ಯಾಯಾಧೀಶರದಲ್ಲ. ಅದನ್ನು ಕೋರ್ಟಿನ ಮಾತೆಂದು ಎತ್ತಿ ಬರೆಯಲೇಬೇಡ.

24ನೇ ಪ್ಯಾರಾದಲ್ಲಿ ನಿನಗೊಂದು ಒಳ್ಳೆಯ ಅಭ್ಯಾಸವಿದೆ. ಆದಾಯ ತೆರಿಗೆ ಕಾಯ್ದೆಯ 269ಎಸ್‌ಎಸ್ ಕಲಮು 20,000 ಅಥವಾ ಅದಕ್ಕೂ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯಬಾರದು ಎನ್ನುತ್ತದೆ, ಆದ್ದರಿಂದ ಇದು ವಸೂಲಿಗೆ ಬರುವ ಸಾಲವಲ್ಲ ಎಂದು ಮ್ಯಾಜಿಸ್ಟ್ರೇಟರು ಸೇರಿಸಿದ್ದಾರೆ. ಆ ಪ್ಯಾರಾವನ್ನು ಕೈಯಿಂದ ಮುಚ್ಚಿ ಓದು. ಆರೋಪಿಯನ್ನು ಬಿಡುಗಡೆ ಮಾಡಿದ ಆದೇಶ ನಿಲ್ಲುತ್ತದೆಯೇ? ನಿಲ್ಲುತ್ತದೆ, 22ರ ಬಲದ ಮೇಲೆ. ಈಗ 22ನ್ನು ಮುಚ್ಚು. ಆಗ ಭಾರವೆಲ್ಲ 24ರ ಮೇಲೆ ಬೀಳುತ್ತದೆ, ಅದು ತಡೆಯಲಾರದು. ನಗದು ವ್ಯವಹಾರಕ್ಕೆ ತೆರಿಗೆ ಕಾಯ್ದೆಯಲ್ಲಿ ದಂಡ ಇರಬಹುದು, ಅಷ್ಟರಿಂದಲೇ ಸಾಲ ಅಸಿಂಧುವಾಗದು ಎಂದು ಗೋವಾದಿಂದ ಹೋದ ಚೆಕ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರಿನಲ್ಲಿ ಹೇಳಿದೆ. ಹೀಗೆ ಒಂದೊಂದೇ ಮುಚ್ಚಿ ನೋಡಿದರೆ ತೀರ್ಪು ಯಾವ ಕಂಬದ ಮೇಲೆ ನಿಂತಿದೆ, ಅಪೀಲಿನಲ್ಲಿ ಪೆಟ್ಟು ಎಲ್ಲಿ ಬೀಳಬಹುದು ಎರಡೂ ತಿಳಿಯುತ್ತವೆ. ಈ ತೀರ್ಪಿನಲ್ಲಿ ನನಗೆ ಕೊರತೆಯಾಗಿ ಕಂಡದ್ದು ಬೇರೆ: ಬಾಡಿಗೆ ಕರಾರಿನ ನಿಶಾನಿ 36 ಪಟ್ಟಿಯಲ್ಲಿದೆ, ಕಾರಣಗಳಲ್ಲಿ ಎಲ್ಲೂ ಇಲ್ಲ. ಬರೆದದ್ದನ್ನು ಓದಿದ ಮೇಲೆ, ನಿಶಾನಿಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಬರೆಯದೆ ಬಿಟ್ಟದ್ದನ್ನೂ ಹುಡುಕು.

ನಾಲ್ಕನೇ ಸಾಲನ್ನು ಮತ್ತೆ ಬರೆ. 19 ಮತ್ತು 22 ಎರಡೂ ಅದರಲ್ಲಿ ಬರಬೇಕು, ‘ಸಂಭವನೀಯ’ ಎಂಬ ಪದ ಬಿಡಬಾರದು, 40 ಪದ ಮೀರಬಾರದು. ಶನಿವಾರ ಡೆಕ್ಕನ್ ಕ್ವೀನ್‌ಗೆ ಬರುವಾಗ ಪೆನ್ಸಿಲ್ ಗುರುತು ಹಾಕಿದ ಪ್ರತಿಯನ್ನೇ ತಾ, ಫೋನಿನಲ್ಲಿ ತೋರಿಸಬೇಡ.

ಇಂತು,
ನಿನ್ನ ಅಜ್ಜ