ಖಾಲಿ ಫ್ಲ್ಯಾಟ್‌ನಿಂದ ಬೆಚ್ಚಗಿನ ಮನೆವರೆಗೆ: ನನ್ನ ಪ್ಲೇಲಿಸ್ಟ್

ವಿಜಯನಗರ, ಮೂರನೇ ಮಹಡಿ, ಬಾಡಿಗೆ ಮನೆ. ಮೊದಲ ರಾತ್ರಿ ಚಾಪೆ, ಬಕೆಟ್, ಫೋನ್ ಚಾರ್ಜರ್ ಬಿಟ್ಟರೆ ಏನೂ ಇರಲಿಲ್ಲ. ಕೆಮ್ಮಿದರೂ ಗೋಡೆ ತಿರುಗಿ ಕೆಮ್ಮುತ್ತಿತ್ತು. ಅವತ್ತು ಕೇಳಿದ್ದು ಅಡಿಗರ ‘ಯಾವ ಮೋಹನ ಮುರಲಿ ಕರೆಯಿತೋ’. ಊರು ಬಿಟ್ಟು ಬಂದವರಿಗೆ ಆ ಸಾಲು ಎದೆಗೇ ತಾಗುತ್ತದೆ. ಅಳು ಬಂದರೆ ಅತ್ತುಬಿಡಿ. ಖಾಲಿ ಕೋಣೆಯಲ್ಲಿ ಈ ಹಾಡು ಇನ್ನೂ ದೊಡ್ಡದಾಗಿ ಕೇಳುತ್ತದೆ.

ಆಮೇಲೆ ಜಿ.ಎಸ್. ಶಿವರುದ್ರಪ್ಪನವರ ‘ಎಲ್ಲೋ ಹುಡುಕಿದೆ ಇಲ್ಲದ ದೇವರ’. ಇದನ್ನು ಕೇಳುತ್ತಲೇ ಕಿಟಕಿಗೆ ಅಮ್ಮನ ಹಳೇ ಸೀರೆ ಕಟ್ಟಿದೆ. ಸಂಜೆ ಬಿಸಿಲು ಅದರೊಳಗಿಂದ ಬಂದು ನೆಲವೆಲ್ಲ ಅರಿಶಿನ ಬಣ್ಣ!

ಮಳೆ ಸಂಜೆಗೆ ‘ಮುಂಗಾರು ಮಳೆ’ಯ ‘ಅನಿಸುತಿದೆ ಯಾಕೋ ಇಂದು’. ಸುಮ್ನೆ, ಕಾಫಿ ಜೊತೆ.

ಅಡುಗೆ ಮಾಡುವಾಗ ಕೆ.ಎಸ್.ನ. ಅವರ ‘ರಾಯರು ಬಂದರು ಮಾವನ ಮನೆಗೆ’. ಒಬ್ಬಳಿಗೇ ಸಾರು ಮಾಡುವುದು ಬೇಜಾರು ಅಲ್ವಾ? ಈ ಹಾಡು ಹಾಕಿದರೆ ಮನೆ ತುಂಬ ಜನ ಇದ್ದಂತಾಗುತ್ತದೆ. ಒಗ್ಗರಣೆಗೆ ಕರಿಬೇವು ಜಾಸ್ತಿ ಹಾಕುತ್ತೇನೆ. ವಾಸನೆ ಮೆಟ್ಟಿಲವರೆಗೂ ಹೋಗಲಿ ಅಂತ.

ಕೊನೆಗೆ ಕುವೆಂಪು ಅವರ ‘ತೆರೆದಿದೆ ಮನೆ ಓ ಬಾ ಅತಿಥಿ’. ಹೋದ ಭಾನುವಾರ ಇದು ಹಾಡುತ್ತಿರುವಾಗಲೇ ಎದುರು ಮನೆ ಆಂಟಿ ಬಾಗಿಲು ತಟ್ಟಿದರು. ಕೈಯಲ್ಲಿ ಒಂದು ಬಟ್ಟಲು ಹುಳಿಯನ್ನ.